ತಪ್ಪು ಕ್ಲೈಂಟಿಗೆ ಹೋದ ಮೇಲ್

"ಒಬ್ಬ ಕ್ಲೈಂಟಿನ ಸ್ಯಾಲರಿ ಶೀಟ್ ಇನ್ನೊಬ್ರಿಗೆ ಕಳಿಸ್ಬಿಟ್ಟೆ, ಔಟ್‌ಲುಕ್‌ನಲ್ಲಿ ರೀಕಾಲ್ ಕೊಟ್ಟಿದೀನಿ, ಸಾಕಾ? ಸಾರಿ ಮೇಲ್ ಹೇಗೆ ಬರೀಲಿ?"

ಸಾಕಾಗಲ್ಲ ರೀ. ರೀಕಾಲ್ ನಡೆಯೋದು ನಿಮ್ಮದೇ ಕಂಪನಿ ಒಳಗಿನ ಮೇಲ್‌ಬಾಕ್ಸ್‌ಗಳಿಗೆ ಮಾತ್ರ, ಹೊರಗಿನೋರಿಗೆ ಹೋಗಿದ್ದು ಅಲ್ಲೇ ಇರತ್ತೆ. ಮೊದಲು ಫೋನ್ ಮಾಡಿ "ಆ ಫೈಲ್ ಓಪನ್ ಮಾಡ್ಬೇಡಿ, ಈಗಲೇ ಮೇಲ್ ಹಾಕ್ತೀನಿ" ಅನ್ನಿ. ಆಮೇಲೆ ಹೊಸ ಮೇಲ್ ಬರೀರಿ, ಹಳೇದಕ್ಕೇ ರಿಪ್ಲೈ ಹಾಕಿದ್ರೆ ಅದರಲ್ಲಿ ಬರೆದಿದ್ದೆಲ್ಲ ಕೆಳಗೆ ಮತ್ತೆ ಅಂಟ್ಕೊಂಡು ಹೋಗತ್ತೆ.

"ನಮಸ್ಕಾರ ಮೇಡಂ, ಇವತ್ತು ಬೆಳಿಗ್ಗೆ 11:20ಕ್ಕೆ ನನ್ನಿಂದ ಬಂದ 'ಮಾರ್ಚ್ ಶೀಟ್' ಮೇಲ್ ನಿಮಗೆ ಕಳಿಸಬೇಕಾದದ್ದಲ್ಲ. ವಿಳಾಸ ಹಾಕುವಾಗ ನಾನು ಮಾಡಿದ ತಪ್ಪು, ಕ್ಷಮಿಸಿ. ದಯವಿಟ್ಟು ಯಾರಿಗೂ ಫಾರ್ವರ್ಡ್ ಮಾಡದೆ ಇನ್‌ಬಾಕ್ಸ್ ಮತ್ತು ಟ್ರ್ಯಾಶ್ ಎರಡರಿಂದಲೂ ಡಿಲೀಟ್ ಮಾಡಿ, ಫೈಲ್ ಡೌನ್‌ಲೋಡ್ ಆಗಿದ್ದರೆ ಅದನ್ನೂ ತೆಗೆದು, ಆಯ್ತು ಅಂತ ಒಂದು ಸಾಲು ತಿಳಿಸುತ್ತೀರಾ? ನಿಮ್ಮ ಫೈಲ್‌ಗಳು ಬೇರೆ ಯಾರಿಗೂ ಹೋಗಿಲ್ಲ."

ಕೊನೇ ಸಾಲು ಸೆಂಟ್ ಫೋಲ್ಡರ್ ನೋಡಿ ಖಾತ್ರಿ ಮಾಡ್ಕೊಂಡೇ ಬರೀರಿ, ಯಾಕಂದ್ರೆ ಅವರಿಗೆ ಮೊದಲು ಬರೋ ಭಯ ಅದೇ. ಟ್ರ್ಯಾಶ್ ಅಂತ ಬಿಡಿಸಿ ಹೇಳ್ಲೇಬೇಕು, ಜಿಮೇಲ್‌ನಲ್ಲಿ ಡಿಲೀಟ್ ಮಾಡಿದ್ದು ಅಲ್ಲಿ 30 ದಿನ ಇರತ್ತೆ. ನನಗೂ ಹೀಗೇ ಆಗಿತ್ತು, ಅವರು ಪಾಪ ಡಿಲೀಟ್ ಮಾಡಿದ್ರು, ಆದ್ರೆ ಅವರ ಅಕೌಂಟೆಂಟ್ ಮೊಬೈಲಿನ ಡೌನ್‌ಲೋಡ್ಸ್‌ನಲ್ಲಿ ಫೈಲ್ ಹಾಗೇ ಕೂತಿತ್ತು, ನಾನು ಅದನ್ನ ಕೇಳೇ ಇರ್ಲಿಲ್ಲ. ಶೀಟ್ ಯಾರದ್ದು ಅಂತ ಮೇಲ್‌ನಲ್ಲಿ ಹೆಸರು ಹಾಕ್ಬೇಡಿ. ಡ್ರೈವ್ ಲಿಂಕ್ ಕಳಿಸಿದ್ರೆ ಫೋನ್‌ಗಿಂತ ಮೊದಲು ಶೇರಿಂಗ್ ತೆಗೀರಿ. ಇವತ್ತೇ ನಿಮ್ಮ ಬಾಸ್‌ಗೆ ಹೇಳಿ, ಅವರ ಜೊತೆ ಕೂತು ಶೀಟಿನ ಕ್ಲೈಂಟಿಗೂ ತಿಳಿಸಿ, ಅವರಿಗೆ ಬೇರೆ ಕಡೆಯಿಂದ ಗೊತ್ತಾಗ್ಬಾರದು.