ಆಧಾರ್ ಸಿಮ್ ಇಲ್ಲದಿದ್ರೆ ಐಟಿ ರಿಟರ್ನ್ ಇ-ವೆರಿಫೈ ಮಾಡೋದು ಹೇಗೆ, ಮಾಡದೇ ಬಿಟ್ರೆ ಏನಾಗುತ್ತೆ?

"ಜುಲೈ 25ಕ್ಕೆ ರಿಟರ್ನ್ ಸಬ್ಮಿಟ್ ಮಾಡಿದೆ, ಓಟಿಪಿ ಬರ್ಲಿಲ್ಲ ಅಂತ e-Verify Later ಕೊಟ್ಬಿಟ್ಟೆ. ಆಧಾರ್‌ಗೆ ಲಿಂಕ್ ಇರೋ ಸಿಮ್ ಈಗ ನನ್ನ ಹತ್ರ ಇಲ್ಲ. ಎಷ್ಟು ದಿನ ಟೈಮ್ ಇದೆ? ಬೇರೆ ದಾರಿ ಇದ್ಯಾ? ಸಂಬಳದವನು, ಹಳೇ ರೆಜಿಮ್ ತಗೊಂಡಿದೀನಿ."

ಆಗಸ್ಟ್ 24ರವರೆಗೆ ಟೈಮ್ ಇದೆ, ಸಬ್ಮಿಟ್ ಮಾಡಿದ ದಿನದಿಂದ 30 ದಿನ. ಹಿಂದೆ 120 ದಿನ ಇತ್ತು, 2022ರ ಆಗಸ್ಟ್ 1ರಿಂದ ಅದನ್ನ 30ಕ್ಕೆ ಇಳಿಸಿದ್ರು, ಆದ್ರೂ ಹಳೇ 120 ದಿನದ ಲೆಕ್ಕ ಹೇಳೋರು ಈಗ್ಲೂ ಸಿಗ್ತಾರೆ, ನಂಬಬೇಡಿ. ನಿಮ್ಮ ಕೇಸಲ್ಲಿ ನನಗೆ ನಿಜವಾಗ್ಲೂ ಆತಂಕ ಆಗೋದು ಆ ಹಳೇ ರೆಜಿಮ್ ಅನ್ನೋ ಮಾತಿಗೆ, ಯಾಕೆ ಅಂತ ಕೆಳಗೆ ಹೇಳ್ತೀನಿ. ಮೊದಲು ಕೆಲಸ ಮುಗಿಸೋ ದಾರಿ ನೋಡೋಣ.

ಆಧಾರ್ ಓಟಿಪಿ ಹೋಗೋದು ಆಧಾರ್‌ನಲ್ಲಿ ಇರೋ ನಂಬರಿಗೆ ಮಾತ್ರ, ಪೋರ್ಟಲ್ ಪ್ರೊಫೈಲಲ್ಲಿ ನೀವು ಯಾವ ನಂಬರ್ ಕೊಟ್ಟಿದ್ರೂ ಅದಕ್ಕೆ ಬರಲ್ಲ. ಆಧಾರ್‌ನಲ್ಲಿ ಹೊಸ ನಂಬರ್ ಹಾಕಿಸೋಕೆ ಓಡಾಡಿ, ಅದು ಅಪ್‌ಡೇಟ್ ಆಗೋದನ್ನ ಕಾಯ್ತಾ ಈ 30 ದಿನ ಕಳ್ಕೋಬೇಡಿ. ಅದನ್ನ ಆಮೇಲೆ ನಿಧಾನವಾಗಿ ಮಾಡಿಸಿ.

ನಿಮ್ಮ ಬ್ಯಾಂಕಲ್ಲಿ ನೆಟ್ ಬ್ಯಾಂಕಿಂಗ್ ಇದ್ದು, ಅಕೌಂಟಿಗೆ ಪ್ಯಾನ್ ಲಿಂಕ್ ಆಗಿದ್ರೆ ನಿಮಗೆ ಅದೇ ಸುಲಭದ ದಾರಿ, ಯಾಕಂದ್ರೆ ಅದಕ್ಕೆ ಆಧಾರ್ ಓಟಿಪಿನೂ ಬೇಡ, ಬೇರೆ ಕೋಡೂ ಬೇಡ. ಬ್ಯಾಂಕ್ ಸೈಟಿಗೆ ಲಾಗಿನ್ ಆಗಿ ಇನ್‌ಕಮ್ ಟ್ಯಾಕ್ಸ್ ಇ-ಫೈಲಿಂಗ್ ಅನ್ನೋ ಲಿಂಕ್ ಹುಡುಕಿ, ಬ್ಯಾಂಕಿಗೊಂದು ಥರ ಜಾಗದಲ್ಲಿ ಇರುತ್ತೆ, ಟ್ಯಾಕ್ಸ್ ಅನ್ನೋ ಮೆನು ಒಳಗೆ ನೋಡಿ. ಅದನ್ನ ಒತ್ತಿದ್ರೆ ನೇರ ಪೋರ್ಟಲ್ ಒಳಗೆ ಬರ್ತೀರಿ, ಅಲ್ಲಿ e-File, ಅದರಲ್ಲಿ Income Tax Returns, ಅದರಲ್ಲಿ e-Verify Return. ನಿಮ್ಮ ರಿಟರ್ನ್ ಮುಂದೆ ವೆರಿಫೈ ಬಟನ್ ಇರುತ್ತೆ, ಒತ್ತಿ ಕನ್ಫರ್ಮ್ ಮಾಡಿದ್ರೆ ಮುಗೀತು. ಎಲ್ಲಾ ಬ್ಯಾಂಕಲ್ಲೂ ಈ ಸೌಲಭ್ಯ ಇಲ್ಲ, ನಿಮ್ಮದರಲ್ಲಿ ಇದ್ಯಾ ಅಂತ ಇವತ್ತೇ ನೋಡ್ಕೊಳ್ಳಿ.

ಅದು ಇಲ್ಲ ಅಂದ್ರೆ ಬ್ಯಾಂಕ್ ಅಕೌಂಟ್ ಮೂಲಕ ಇವಿಸಿ ತರಿಸ್ಕೊಳ್ಳಿ. ಇವಿಸಿ ಅಂದ್ರೆ ಅಕ್ಷರ ಅಂಕಿ ಸೇರಿದ 10 ಸ್ಥಾನದ ಕೋಡ್, ಬಂದ ಮೇಲೆ 72 ಗಂಟೆ ನಡೆಯುತ್ತೆ. ಇದಕ್ಕೆ ಅಕೌಂಟ್ ಪೋರ್ಟಲಲ್ಲಿ ಪ್ರಿ-ವ್ಯಾಲಿಡೇಟ್ ಆಗಿರ್ಬೇಕು, ಅಂದ್ರೆ ಅದು ನಿಮ್ಮದೇ ಅಂತ ಮುಂಚೆನೇ ಖಚಿತ ಆಗಿರ್ಬೇಕು, ಅದರ ಮೇಲೆ ಇವಿಸಿ ಎನೇಬಲ್ ಕೂಡ ಮಾಡಿರ್ಬೇಕು, ಎರಡೂ ಬೇರೆ ಬೇರೆ. ರೀಫಂಡಿಗೆ ಅಂತ ವ್ಯಾಲಿಡೇಟ್ ಮಾಡಿದ್ದ ಅಕೌಂಟಲ್ಲಿ ಇವಿಸಿ ಆನ್ ಮಾಡಿರಲ್ಲ, ಕೊನೇ ದಿನ ನೋಡಿದ್ರೆ ಆ ಆಯ್ಕೇನೇ ಕಾಣಲ್ಲ, ಹೀಗೆ ಸಿಕ್ಕಾಕ್ಕೊಳ್ಳೋರೇ ಜಾಸ್ತಿ. ಬ್ಯಾಂಕಲ್ಲಿರೋ ಮೊಬೈಲ್ ನಂಬರೂ ಪೋರ್ಟಲಲ್ಲಿರೋದೂ ಒಂದೇ ಆಗಿರ್ಬೇಕು ಅನ್ನೋದೂ ನೆನಪಿರ್ಲಿ, ನೀವು ಸಿಮ್ ಬದಲಾಯಿಸಿರೋದ್ರಿಂದ ಇಲ್ಲೂ ತೊಡಕು ಬರಬಹುದು. ಡಿಮ್ಯಾಟ್ ಅಕೌಂಟ್ ಇದ್ರೆ ಅದರ ಮೂಲಕಾನೂ ಇದೇ ಥರ ಆಗುತ್ತೆ, ಕೆಲವು ಬ್ಯಾಂಕಿನವರಿಗೆ ಎಟಿಎಂ ಕಾರ್ಡಿಂದಾನೂ ಇವಿಸಿ ಸಿಗುತ್ತೆ. ಡಿಜಿಟಲ್ ಸಿಗ್ನೇಚರ್ ಇರೋರಿಗೆ ಅದೂ ಇದೆ, ಸಂಬಳದವರಿಗೆ ಅದಕ್ಕೋಸ್ಕರ ದುಡ್ಡು ಖರ್ಚು ಮಾಡೋ ಅಗತ್ಯ ಇಲ್ಲ.

ಏನೂ ಆಗ್ಲಿಲ್ಲ ಅಂದ್ರೆ ಪೇಪರ್ ದಾರಿ. ಐಟಿಆರ್-ವಿ, ಅಂದ್ರೆ ರಿಟರ್ನ್ ವೆರಿಫಿಕೇಶನ್ ಫಾರ್ಮ್ ಡೌನ್‌ಲೋಡ್ ಮಾಡಿ, ಪ್ರಿಂಟ್ ತೆಗೆದು, ನೀಲಿ ಇಂಕಲ್ಲಿ ಸೈನ್ ಮಾಡಿ, ಬೆಂಗಳೂರು 560500ರ ಸಿಪಿಸಿಗೆ, ಅಂದ್ರೆ ಸೆಂಟ್ರಲೈಸ್ಡ್ ಪ್ರೊಸೆಸಿಂಗ್ ಸೆಂಟರ್‌ಗೆ ಕಳಿಸ್ಬೇಕು. ಇದರಲ್ಲಿ ಒಂದು ವಿಷಯ ಚೆನ್ನಾಗಿ ಗೊತ್ತಿರ್ಲಿ, ನೀವು ಪೋಸ್ಟ್ ಮಾಡಿದ ದಿನ ಲೆಕ್ಕಕ್ಕೆ ಬರಲ್ಲ, ಅಲ್ಲಿಗೆ ತಲುಪಿದ ದಿನಾನೇ ಲೆಕ್ಕ. ಆಗಸ್ಟ್ 23ಕ್ಕೆ ಪೋಸ್ಟ್ ಮಾಡಿ ರಸೀದಿ ಇಟ್ಕೊಂಡ್ರೂ ಕವರ್ 27ಕ್ಕೆ ತಲುಪಿದ್ರೆ ನೀವು ಲೇಟು. ಈ ದಾರಿ ಹಿಡಿಯೋದಾದ್ರೆ ಹತ್ತು ಹನ್ನೆರಡು ದಿನ ಮುಂಚೆನೇ ಸ್ಪೀಡ್ ಪೋಸ್ಟ್ ಮಾಡಿ.

ಈಗ 30 ದಿನ ದಾಟಿದ್ರೆ ಏನು ಅನ್ನೋದು. ಒಳಗೆ ಮಾಡಿದ್ರೆ ರಿಟರ್ನ್ ತಾರೀಕು ಜುಲೈ 25 ಅಂತಾನೇ ಇರುತ್ತೆ. ದಾಟಿ ವೆರಿಫೈ ಮಾಡಿದ್ರೆ, ವೆರಿಫೈ ಮಾಡಿದ ದಿನಾನೇ ನೀವು ರಿಟರ್ನ್ ಸಲ್ಲಿಸಿದ ದಿನ ಅಂತ ಹಿಡೀತಾರೆ. ಅಂದ್ರೆ ಜುಲೈ 31ರ ಡ್ಯೂ ಡೇಟ್ ಒಳಗೆ ಕಷ್ಟಪಟ್ಟು ಸಬ್ಮಿಟ್ ಮಾಡಿದ್ದು ವ್ಯರ್ಥ, ನಿಮ್ಮದು ಬಿಲೇಟೆಡ್ ರಿಟರ್ನ್ ಆಗ್ಬಿಡುತ್ತೆ. (ಡ್ಯೂ ಡೇಟ್ ಮುಂದೆ ಹಾಕಿರೋ ವರ್ಷ, ಉದಾಹರಣೆಗೆ 2025ರಲ್ಲಿ ಸೆಪ್ಟೆಂಬರ್ 16ರವರೆಗೆ ಹೋಗಿತ್ತು, ಅಂಥಾ ವರ್ಷ ಅದರೊಳಗೆ ವೆರಿಫೈ ಆದ್ರೆ ಈ ತೊಂದ್ರೆ ಇಲ್ಲ.) ಬಿಲೇಟೆಡ್ ಆದ್ರೆ 5,000 ಲೇಟ್ ಫೀ, ಆದಾಯ 5 ಲಕ್ಷದ ಒಳಗಿದ್ರೆ 1,000. ಬಾಕಿ ಟ್ಯಾಕ್ಸ್ ಇದ್ರೆ ತಿಂಗಳಿಗೆ 1% ಬಡ್ಡಿ. ಷೇರಲ್ಲಿ ಲಾಸ್ ಆಗಿದ್ರೆ ಮುಂದಿನ ವರ್ಷಕ್ಕೆ ತಗೊಂಡು ಹೋಗೋಕಾಗಲ್ಲ.

ಆದ್ರೆ ಸಂಬಳದವರಿಗೆ ಇದೆಲ್ಲಕ್ಕಿಂತ ದೊಡ್ಡ ಪೆಟ್ಟು ಹಳೇ ರೆಜಿಮ್ ಕೈತಪ್ಪೋದು, ಯಾಕಂದ್ರೆ ಆ ಆಯ್ಕೆ ಡ್ಯೂ ಡೇಟ್ ಒಳಗಿನ ರಿಟರ್ನಿಗೆ ಮಾತ್ರ ಸಿಗುತ್ತೆ. 2023-24ರ ಸ್ಲ್ಯಾಬ್ ಇಟ್ಕೊಂಡು ಒಂದು ಲೆಕ್ಕ ನೋಡಿ. ಸಂಬಳ 14 ಲಕ್ಷ. ಸ್ಟ್ಯಾಂಡರ್ಡ್ ಡಿಡಕ್ಷನ್ 50,000, 80ಸಿ 1.5 ಲಕ್ಷ, ಹೆಲ್ತ್ ಇನ್ಶೂರೆನ್ಸ್ 25,000, ಎಚ್‌ಆರ್‌ಎ 2.4 ಲಕ್ಷ ಕಳೆದ್ರೆ ಹಳೇ ರೆಜಿಮಲ್ಲಿ ಟ್ಯಾಕ್ಸ್ ಬೀಳೋದು 9.35 ಲಕ್ಷದ ಮೇಲೆ, ಸೆಸ್ ಸೇರಿ 1,03,480. ಕಂಪನಿಯವರು ಅಷ್ಟೇ ಟಿಡಿಎಸ್ ಹಿಡಿದಿದಾರೆ ಅಂದ್ಕೊಳ್ಳಿ. ಹೊಸ ರೆಜಿಮ್ ಆದ್ರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಮಾತ್ರ ಉಳಿಯುತ್ತೆ, 13.5 ಲಕ್ಷದ ಮೇಲೆ 1,24,800. ವ್ಯತ್ಯಾಸ 21,320, ಅದರ ಮೇಲೆ 5,000 ಫೀ, ಬಡ್ಡಿ ಬೇರೆ. ನಿಮ್ಮ ವರ್ಷದ ಸ್ಲ್ಯಾಬ್ ಬೇರೆ ಇರುತ್ತೆ, ಅಂಕಿ ಬದಲಾಗುತ್ತೆ, ಆದ್ರೆ ಒಂದು ಕ್ಲಿಕ್ ತಡ ಆಗಿದ್ದಕ್ಕೆ ಬೀಳೋ ಖರ್ಚು ಈ ಥರ ಇರುತ್ತೆ.

ತಡವಾಗಿ ವೆರಿಫೈ ಮಾಡೋಕೆ ಹೋದ್ರೆ ಪೋರ್ಟಲ್ ಕಾರಣ ಕೇಳುತ್ತೆ, ಅದನ್ನ ಕಂಡೋನೇಷನ್ ರಿಕ್ವೆಸ್ಟ್ ಅಂತಾರೆ, ಇಲಾಖೆ ಒಪ್ಪಿದ ಮೇಲೇನೇ ರಿಟರ್ನ್ ವೆರಿಫೈ ಆಯ್ತು ಅಂತ ಲೆಕ್ಕ. ಪೂರ್ತಿ ಬಿಟ್ಟೇಬಿಟ್ರೆ ರಿಟರ್ನೇ ಹಾಕಿಲ್ಲ ಅಂತ ಅರ್ಥ, ಪ್ರೊಸೆಸ್ ಆಗಲ್ಲ, ರೀಫಂಡ್ ಬರಲ್ಲ. ಬಿಲೇಟೆಡ್ ಹಾಕೋಕೆ ಡಿಸೆಂಬರ್ 31 ಕೊನೆ, ಅದೂ ಹೋದ್ರೆ ಅಪ್‌ಡೇಟೆಡ್ ರಿಟರ್ನಲ್ಲಿ ರೀಫಂಡ್ ಕೇಳೋ ಹಾಗೇ ಇಲ್ಲ.

ಇನ್ನೊಂದು, ಆಮೇಲೆ ತಪ್ಪು ಕಂಡು ರಿವೈಸ್ಡ್ ರಿಟರ್ನ್ ಹಾಕಿದ್ರೆ ಅದನ್ನೂ ಬೇರೆಯಾಗಿ ವೆರಿಫೈ ಮಾಡ್ಬೇಕು, ಮೊದಲನೇದು ಮಾಡಿದ್ದು ಇದಕ್ಕೆ ಆಗಲ್ಲ. ವೆರಿಫೈ ಆದಾಗ ಸ್ಕ್ರೀನ್ ಮೇಲೆ ಟ್ರಾನ್ಸಾಕ್ಷನ್ ಐಡಿ ಬರುತ್ತೆ, ಇಮೇಲೂ ಬರುತ್ತೆ, ಎರಡನ್ನೂ ಇಟ್ಕೊಳ್ಳಿ. ಆಮೇಲೆ View Filed Returns ಒಳಗೆ ಹೋಗಿ ಸ್ಟೇಟಸ್ ನೋಡಿ, ಪೆಂಡಿಂಗ್ ಅಂತಾನೇ ತೋರಿಸ್ತಿದ್ರೆ ನೀವು ಏನೇ ಒತ್ತಿದ್ರೂ ಅದು ಆಗಿಲ್ಲ ಅಂತ ತಿಳ್ಕೊಂಡು ಇನ್ನೊಂದ್ಸಲ ಮಾಡಿ.