ಹನ್ನೆರಡು ಗಂಟೆ ಯಾವ ದಿನಕ್ಕೆ ಸೇರಿದ್ದು?

ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟ ಯುವತಿಯ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಾಯಿಸಿದ್ದೇನೆ. ಅವಳನ್ನು ಇಲ್ಲಿ ಸುಮಾ ಎಂದು ಕರೆಯುತ್ತೇನೆ.

ಮೊದಲು ಫೋನ್ ಮಾಡಿದ್ದು ಅವಳ ತಾಯಿ. ಉಡುಪಿ ಕಡೆಯಿಂದ ಬಂದು ಮೂವತ್ತು ವರ್ಷಗಳಿಂದ ಡೊಂಬಿವಲಿಯಲ್ಲಿ ನೆಲೆಸಿದ ಕುಟುಂಬ ಅದು. "ಮಗಳು ರಾತ್ರಿ ಹನ್ನೆರಡೂವರೆ ತನಕ ಮೊಬೈಲ್ ಹಿಡ್ಕೊಂಡು ಕೂತಿರ್ತಾಳೆ ಮೇಡಂ, ಯಾವುದಾದ್ರೂ ಹುಡುಗನ ವಿಷಯವಾ ಅಂತ ನೀವೇ ಕೇಳಿ ನೋಡಿ" ಎಂದರು. ಹುಡುಗನ ವಿಷಯವಾಗಿರಲಿಲ್ಲ. ಇಪ್ಪತ್ತೆರಡು ವರ್ಷದ ಸುಮಾ ಅಂಧೇರಿಯ ಒಂದು ಜಾಹೀರಾತು ಸಂಸ್ಥೆಯಲ್ಲಿ ಇಂಟರ್ನ್ ಆಗಿ ಸೇರಿ ಎರಡು ತಿಂಗಳಾಗಿತ್ತು. ಗ್ರಾಹಕರ ಸಾಮಾಜಿಕ ಜಾಲತಾಣದ ಪೋಸ್ಟ್‌ಗಳನ್ನು ಮುಂಚಿತವಾಗಿ ಶೆಡ್ಯೂಲ್ ಮಾಡಿಡುವುದು, ಅಂದರೆ ದಿನ ಮತ್ತು ಸಮಯ ಕೊಟ್ಟು ತಾನಾಗಿ ಪ್ರಕಟವಾಗುವಂತೆ ಇಡುವುದು, ಅವಳ ಕೆಲಸ.

ನಡೆದದ್ದು ಇಷ್ಟು. ಒಂದು ಬಟ್ಟೆ ಅಂಗಡಿಯ ರಿಯಾಯಿತಿ ಮಾರಾಟ 16ನೇ ತಾರೀಕು ಶನಿವಾರ ಆರಂಭವಾಗಬೇಕಿತ್ತು. ಅಂಗಡಿಯ ಮಾಲೀಕರು "ಪಂದ್ರಾ ತಾರೀಕ್ ಕೀ ರಾತ್ ಬಾರಾ ಬಜೇ" ಎಂದು ಸಂದೇಶ ಕಳಿಸಿದ್ದರು. ಕಚೇರಿಯ ಶೀಟಿನಲ್ಲಿ ಅದು "15, ರಾತ್ರಿ 12" ಎಂದಾಯಿತು. ಸುಮಾ ಅದನ್ನು ನೋಡಿ 15ನೇ ತಾರೀಕಿನ ಚೌಕದಲ್ಲಿ 12:00 AM ಎಂದು ಒತ್ತಿದಳು. ಆದರೆ ಯಂತ್ರದ ಲೆಕ್ಕದಲ್ಲಿ 15ರ 12:00 AM ಎಂದರೆ 15ನೇ ತಾರೀಕಿನ ಮೊದಲ ಕ್ಷಣ, ಅಂದರೆ ನಮ್ಮ ಮಾತಿನಲ್ಲಿ 14ರ ರಾತ್ರಿ. ಪೋಸ್ಟ್ ಪೂರ್ತಿ ಇಪ್ಪತ್ತನಾಲ್ಕು ಗಂಟೆ ಮೊದಲೇ ಹೊರಬೀಳಲು ಸಿದ್ಧವಾಗಿ ಕೂತಿತ್ತು. ಅಂಗಡಿಯಲ್ಲಿ ದರಪಟ್ಟಿ ಬದಲಾಗಿರಲಿಲ್ಲ, ಕೂಪನ್ ಸಂಖ್ಯೆಯೂ ಚಾಲೂ ಆಗಿರಲಿಲ್ಲ.

ಈ ತಪ್ಪನ್ನು ಕೇವಲ ಅಜಾಗರೂಕತೆ ಎನ್ನಲು ನನಗೆ ಮನಸ್ಸಿಲ್ಲ. ರಾತ್ರಿಯನ್ನು ಹಿಂದಿನ ಹಗಲಿಗೆ ಸೇರಿಸಿ ಮಾತನಾಡುವುದು ನಮ್ಮೆಲ್ಲರ ರೂಢಿ. ಪಂಚಾಂಗದ ಪ್ರಕಾರವಂತೂ ವಾರ ಬದಲಾಗುವುದು ಸೂರ್ಯೋದಯಕ್ಕೆ, ನಡುರಾತ್ರಿಗಲ್ಲ. ಮಾಲೀಕರು ಹೇಳಿದ್ದು ಜನರ ಹನ್ನೆರಡು, ಸುಮಾ ಒತ್ತಿದ್ದು ಗಡಿಯಾರದ ಹನ್ನೆರಡು.

14ರ ಗುರುವಾರ ರಾತ್ರಿ ಊಟ ಮುಗಿಸಿ, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ಮರುದಿನದ ಕೆಲಸ ನೋಡೋಣವೆಂದು ಅವಳು ಕ್ಯಾಲೆಂಡರ್ ತೆರೆದಾಗ ಗಂಟೆ 11:41. ಆ ಪೋಸ್ಟಿನ ಪಕ್ಕದಲ್ಲಿ Scheduled ಎಂದಿತ್ತು, ಅದರ ಕೆಳಗೆ "ನಾಳೆ" ಎಂದಿತ್ತು. ನಾಳೆ ಶುಕ್ರವಾರ, ಮಾರಾಟ ಶನಿವಾರ ಎಂದು ಹೊಳೆಯಲು ಅರ್ಧ ನಿಮಿಷ ಹಿಡಿಯಿತಂತೆ. ಮೇಲಧಿಕಾರಿಗೆ ಎರಡು ಸಲ ಕರೆ ಮಾಡಿದಳು, ಅವರು ಎತ್ತಲಿಲ್ಲ. ಫೋನಿನಲ್ಲಿ ಒಂಬತ್ತು ಶೇಕಡ ಚಾರ್ಜ್ ಉಳಿದಿತ್ತು. 11:43ಕ್ಕೆ ಪೋಸ್ಟನ್ನು Draft ಸ್ಥಿತಿಗೆ ತಂದು ಸ್ಕ್ರೀನ್‌ಶಾಟ್ ತೆಗೆದುಕೊಂಡಳು. ಫೋನನ್ನು ಚಾರ್ಜಿಗೆ ಹಾಕಿ, 11:46ಕ್ಕೆ 16ನೇ ತಾರೀಕು ಹಾಕಿ ಮತ್ತೆ ಶೆಡ್ಯೂಲ್ ಮಾಡಿದಳು. ಅಳಿಸಿಹಾಕದೆ ಮೊದಲು ತಡೆದು, ಆಮೇಲೆ ಸರಿಪಡಿಸಿದ ಈ ಕ್ರಮ ಅನುಭವಿಗಳಿಗೂ ಆ ಹೊತ್ತಿನಲ್ಲಿ ಸುಲಭವಾಗಿ ಹೊಳೆಯುವಂಥದ್ದಲ್ಲ. ಮರುದಿನ ಬೆಳಿಗ್ಗೆ ಮೇಲಧಿಕಾರಿ "ಏನಕ್ಕೆ ಫೋನ್ ಮಾಡಿದ್ದೆ?" ಎಂದು ಕೇಳಿದಾಗ ಅವಳು "ತಪ್ಪಿ ಹೋಯಿತು ಸರ್, ಕೈ ತಾಗಿರಬೇಕು" ಎಂದುಬಿಟ್ಟಳು. ಪೋಸ್ಟ್ ಶುಕ್ರವಾರ ನಡುರಾತ್ರಿ ಸರಿಯಾಗಿ ಪ್ರಕಟವಾಯಿತು. ಯಾರಿಗೂ ಏನೂ ಗೊತ್ತಾಗಲಿಲ್ಲ.

ತೊಂದರೆ ಆರಂಭವಾದದ್ದು ಅದರ ಮರುದಿನದಿಂದ. ನನ್ನ ಬಳಿ ಬಂದಾಗ ಮೂರೂವರೆ ವಾರಗಳಾಗಿದ್ದವು. ಪ್ರತಿ ರಾತ್ರಿ ಹನ್ನೊಂದು ಗಂಟೆಗೆ ಕ್ಯಾಲೆಂಡರ್ ತೆರೆದರೆ ಹನ್ನೆರಡೂ ಇಪ್ಪತ್ತರವರೆಗೆ ಇಪ್ಪತ್ತು ಇಪ್ಪತ್ತೈದು ಸಲ ನೋಡುವುದು, ಪ್ರತಿ ಸಲವೂ ಸ್ಕ್ರೀನ್‌ಶಾಟ್ ತೆಗೆಯುವುದು, ಹಾಸಿಗೆಗೆ ಹೋದ ಮೇಲೆ ಆ ಸ್ಕ್ರೀನ್‌ಶಾಟ್‌ಗಳನ್ನು ಮತ್ತೆ ಪರೀಕ್ಷಿಸುವುದು, ಕೊನೆಗೆ ತಾಯಿಯನ್ನು ಎಬ್ಬಿಸಿ "ಇದು ಶನಿವಾರ ಅಂತಲೇ ಇದೆ ಅಲ್ವಾ ಅಮ್ಮ?" ಎಂದು ಕೇಳುವುದು ನಡೆದಿತ್ತು. ತಾಯಿ ಪಾಪ, ಕನ್ನಡಕ ಹುಡುಕಿ ಹಾಕಿಕೊಂಡು "ಹೌದು ಮಗಾ, ಎಲ್ಲ ಸರಿ ಉಂಟು" ಎನ್ನುತ್ತಿದ್ದರು.

ಗ್ಯಾಸ್, ಬಾಗಿಲಿನ ಚಿಲಕ, ಕೈ ತೊಳೆಯುವುದು ಇವುಗಳಲ್ಲಿಯೂ ಇಂಥ ಒತ್ತಾಯವಿದೆಯೇ, ಹಿಂದೆ ಎಂದಾದರೂ ಇತ್ತೇ, ಊಟ ನಿದ್ರೆ ಹೇಗಿದೆ, ಬದುಕು ಬೇಡವೆನಿಸುತ್ತದೆಯೇ ಎಂದು ಮೊದಲ ಭೇಟಿಯಲ್ಲೇ ಕೇಳಿದೆ. ನಿದ್ರೆಯೊಂದು ಬಿಟ್ಟು ಉಳಿದದ್ದಕ್ಕೆಲ್ಲ ಇಲ್ಲವೆಂಬ ಉತ್ತರ ಬಂತು. ಆದರೂ ಪರೀಕ್ಷಿಸುವ ಒತ್ತಾಯವೊಂದೇ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ತಿನ್ನುತ್ತಿದ್ದರೆ ಅದನ್ನು ಸ್ವಭಾವದ ಮಾತೆಂದು ತಳ್ಳಿಹಾಕುವಂತಿಲ್ಲ. ಗೀಳು ರೋಗವನ್ನು ಗುರುತಿಸುವ ಮಾನದಂಡಗಳಲ್ಲಿಯೂ ಆ ಒಂದು ಗಂಟೆಯ ಮಾತು ಬರುತ್ತದೆ. ರೋಗದ ಹೆಸರಿಡುವುದು ನನ್ನ ಕೆಲಸವಲ್ಲವಾದ್ದರಿಂದ ಪರಿಚಯದ ಮನೋವೈದ್ಯರ ಬಳಿಗೆ ಒಮ್ಮೆ ಕಳಿಸಿದೆ. ಅವರು ಸದ್ಯಕ್ಕೆ ಔಷಧಿ ಬೇಡ, ಆರು ವಾರ ಮಾತಿನ ಚಿಕಿತ್ಸೆ ನಡೆಯಲಿ, ಕಡಿಮೆಯಾಗದಿದ್ದರೆ ಮತ್ತೆ ಬರಲಿ ಎಂದರು.

ಸುಮಾಳ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು: "ನೋಡಿದ್ದರಿಂದಲೇ ಅಲ್ವಾ ಮೇಡಂ ಅವತ್ತು ಉಳಿದದ್ದು? ನೋಡಬೇಡ ಅಂತ ಹೇಗೆ ಹೇಳ್ತೀರಿ?" ನೋಡಬೇಡ ಎಂದು ನಾನು ಹೇಳಲಿಲ್ಲ. ಒಂದು ಸಲ ನೋಡುವುದಕ್ಕೂ ಇಪ್ಪತ್ತು ಸಲ ನೋಡುವುದಕ್ಕೂ ಇರುವ ವ್ಯತ್ಯಾಸವನ್ನು ತೋರಿಸಲು ಹೊರಟೆ. 2003ರಲ್ಲಿ ಮಾರ್ಸೆಲ್ ವಾನ್ ಡೆನ್ ಹೌಟ್ ಮತ್ತು ಮೆರೆಲ್ ಕಿಂಟ್ ಎಂಬ ಡಚ್ ಸಂಶೋಧಕರು ಗೀಳಿನ ತೊಂದರೆ ಇಲ್ಲದ ಸಾಮಾನ್ಯರಿಂದ ಕಂಪ್ಯೂಟರ್ ಪರದೆಯ ಮೇಲಿನ ಗ್ಯಾಸ್ ಒಲೆಯನ್ನು ಮತ್ತೆ ಮತ್ತೆ ಪರೀಕ್ಷಿಸುವಂತೆ ಮಾಡಿಸಿದರು. ಅವರ ನೆನಪಿನ ನಿಖರತೆ ಕೆಡಲಿಲ್ಲ. ಆದರೆ ನೆನಪು ಮಸುಕಾಯಿತು, ಅದರ ಮೇಲಿನ ಭರವಸೆ ಕುಸಿಯಿತು. ಪ್ರತಿ ಸಲದ ನೋಟವೂ ಹಿಂದಿನದರಂತೆಯೇ ಇರುವುದರಿಂದ ಯಾವುದು ಕೊನೆಯದೆಂದು ಮನಸ್ಸಿಗೆ ಬೇರ್ಪಡಿಸಲಾಗುವುದಿಲ್ಲ. ಅನುಮಾನ ಬಂದು ನೋಡುತ್ತೇವೆ, ನೋಡಿದ್ದರಿಂದಲೇ ಮುಂದಿನ ಅನುಮಾನ ಹುಟ್ಟುತ್ತದೆ.

ಅವಳು ನಂಬಲಿಲ್ಲ. ಹಾಗಾಗಿ ಕೋಣೆಯಲ್ಲೇ ನನ್ನ ಕಬ್ಬಿಣದ ಕಪಾಟಿಗೆ ಅವಳಿಂದ ಬೀಗ ಹಾಕಿಸಿ, ಒಮ್ಮೆ ಎಳೆದು ನೋಡಿಸಿ, ಬೀಗ ಬಿದ್ದಿದೆಯೆಂಬ ಖಾತರಿ ನೂರಕ್ಕೆ ಎಷ್ಟು ಎಂದು ಕೇಳಿದೆ. ತೊಂಬತ್ತೈದು ಎಂದಳು. ಹದಿನೈದು ಸಲ ತೆಗೆದು ಹಾಕಿ ಎಳೆದು ನೋಡಿದ ಮೇಲೆ ಕೊನೆಯ ಸಲದ ಬಗ್ಗೆ ಕೇಳಿದಾಗ ಎಪ್ಪತ್ತಕ್ಕೆ ಇಳಿದಿತ್ತು. ಒಬ್ಬರ ಮೇಲೆ ಮಾಡಿದ ಇಂಥ ಆಟದಿಂದ ಏನೂ ಸಾಬೀತಾಗುವುದಿಲ್ಲ, ಆದರೆ ಅವಳ ಮುಖದ ಮೇಲೆ ಆಗ ಮೊದಲ ಬಾರಿಗೆ ಕುತೂಹಲ ಕಂಡಿತು.

ಎರಡನೆಯ ಗಂಟು ಹೊಣೆಯದ್ದು. ತಪ್ಪಿನ ಹೊಣೆ ನೂರಕ್ಕೆ ನೂರು ತನ್ನದೇ ಎಂದು ಅವಳು ನಂಬಿದ್ದಳು. ಕಾಗದದ ಮೇಲೆ ಒಂದು ವೃತ್ತ ಬರೆದು, ತಪ್ಪಿಗೆ ಕಾರಣವಾದವರಿಗೆಲ್ಲ ಅದರಲ್ಲಿ ಪಾಲು ಹಂಚಲು ಹೇಳಿದೆ. ತನ್ನ ಪಾಲನ್ನು ಎಲ್ಲಕ್ಕಿಂತ ಕೊನೆಗೆ ಹಾಕಬೇಕೆಂಬುದೊಂದೇ ನಿಯಮ, ಏಕೆಂದರೆ ಮೊದಲೇ ಹಾಕಿದರೆ ವೃತ್ತದಲ್ಲಿ ಬೇರೆಯವರಿಗೆ ಜಾಗ ಉಳಿಯುವುದಿಲ್ಲ. ಮಾಲೀಕರ ಅಸ್ಪಷ್ಟ ಮಾತಿಗೆ ಇಪ್ಪತ್ತು, ವಾರದ ಹೆಸರಿಗೆ ಜಾಗವೇ ಇಲ್ಲದ ಶೀಟಿಗೆ ಇಪ್ಪತ್ತೈದು, ಶೆಡ್ಯೂಲ್ ತೆರೆದು ನೋಡದೆಯೇ "ಓಕೆ" ಎಂದ ಮೇಲಧಿಕಾರಿಗೆ ಇಪ್ಪತ್ತೈದು ಹೋದವು. ಅವಳ ಪಾಲಿಗೆ ಮೂವತ್ತು ಉಳಿಯಿತು.

ಈ ವೃತ್ತವನ್ನು ನೆಪದ ಪಟ್ಟಿಯಾಗಿ ಬಳಸುವವರನ್ನೂ ನೋಡಿದ್ದೇನೆ, ಆದ್ದರಿಂದ ಆ ಮೂವತ್ತನ್ನು ಏನು ಮಾಡುವಿರಿ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಕೈ ತಾಗಿರಬೇಕು ಅಂದೆನಲ್ಲ ಮೇಡಂ, ಅದೇ ಚುಚ್ಚುತ್ತೆ" ಎಂದಳು. ತಪ್ಪಿಗಿಂತ ಮುಚ್ಚಿಟ್ಟದ್ದು ದೊಡ್ಡದಾಗಿ ಬೆಳೆದಿತ್ತು. ಇನ್ನೊಂದು ತಪ್ಪಾದರೆ ಹಳೆಯದೂ ಹೊರಬರುತ್ತದೆ ಎಂಬ ಹೆದರಿಕೆಯೇ ರಾತ್ರಿಯ ಕಾವಲಿಗೆ ಎಣ್ಣೆ ಹಾಕುತ್ತಿತ್ತು.

ನಾನು ಕೊಟ್ಟ ಮೊದಲ ಸಲಹೆ, ಮೇಲಧಿಕಾರಿಗೆ ನಾಲ್ಕು ಸಾಲಿನಲ್ಲಿ ಬರೆದು ತಿಳಿಸಬೇಕೆಂಬುದು: ಏನಾಯಿತು, ಎಷ್ಟು ಗಂಟೆಗೆ ಕಂಡಿತು, ಏನು ಮಾಡಿದೆ, ಶೀಟಿನಲ್ಲಿ ಏನು ಬದಲಾಗಬೇಕು. ಅಳು, ಸ್ವನಿಂದೆ, ನಾಲ್ಕಾರು ಸಲ ಕ್ಷಮೆ ಇವು ಬೇಡ, ಮರುದಿನ ಸುಳ್ಳು ಹೇಳಿದ್ದಕ್ಕೆ ಮಾತ್ರ ಒಂದು ವಾಕ್ಯದ ಕ್ಷಮೆ ಇರಲಿ ಎಂದೆ. ಅವಳು ಕಳಿಸಿದಳು. ಫಲಿತಾಂಶ ನಾನು ಬಯಸಿದಷ್ಟು ಸಿಹಿಯಾಗಿರಲಿಲ್ಲ. ಮೇಲಧಿಕಾರಿ ಆ ರಾತ್ರಿಯೇ ಸಂದೇಶ ಹಾಕಬೇಕಿತ್ತು ಎಂದು ಗದರಿಸಿ, ಎರಡು ವಾರ ಅವಳಿಗೆ ಶೆಡ್ಯೂಲ್ ಕೆಲಸ ಕೊಡಲಿಲ್ಲ. ಆದರೆ ಶೀಟಿನಲ್ಲಿ ವಾರದ ಹೆಸರಿನ ಕಾಲಂ ಬಂತು. ನಡುರಾತ್ರಿಯ ಪೋಸ್ಟ್‌ಗಳಿಗೆ ಇನ್ನು ಮುಂದೆ 12:00 AM ಬದಲು 12:05 AM ಎಂದೇ ಹಾಕಬೇಕೆಂದೂ ತೀರ್ಮಾನವಾಯಿತು. ಐದು ನಿಮಿಷ ದಾಟಿದ ಸಮಯವನ್ನು ಕಂಡಾಗ ಅದು ಯಾವ ದಿನದ್ದೆಂದು ಯಾರಾದರೂ ನಿಂತು ಯೋಚಿಸುತ್ತಾರೆ.

ಎರಡನೆಯ ಸಲಹೆ ಪರೀಕ್ಷೆಯ ಬಗ್ಗೆ. ಸಂಜೆ ಆರಕ್ಕೆ ಕಚೇರಿಯಲ್ಲಿ ಒಂದೇ ಸಲ, ವಾರ, ತಾರೀಕು, ಸಮಯ ಮೂರನ್ನೂ ಬಾಯಿಬಿಟ್ಟು ಓದಿ, ಡೈರಿಯಲ್ಲಿ ಕೈಯಿಂದ ಬರೆದು ಮುಚ್ಚಬೇಕು. ರಾತ್ರಿ ಕ್ಯಾಲೆಂಡರ್ ತೆರೆಯುವಂತಿಲ್ಲ, ಸ್ಕ್ರೀನ್‌ಶಾಟ್ ತೆಗೆಯುವಂತಿಲ್ಲ. ನೋಡಬೇಕೆಂಬ ಒತ್ತಾಯ ಬಂದಾಗ ಅದನ್ನು ಓಡಿಸಲು ಹೋಗದೆ ಹತ್ತು ನಿಮಿಷಕ್ಕೊಮ್ಮೆ ಅದರ ತೀವ್ರತೆಗೆ ನೂರಕ್ಕೆ ಇಷ್ಟು ಎಂದು ಅಂಕ ಬರೆದಿಡಬೇಕು. ಮೇಲಧಿಕಾರಿ ಶೆಡ್ಯೂಲ್ ಕೆಲಸವನ್ನು ಮರಳಿ ಕೊಟ್ಟ ದಿನದಿಂದ ಇದನ್ನು ಆರಂಭಿಸಿದೆವು. ಮೊದಲ ರಾತ್ರಿ 11:40ಕ್ಕೆ ಎಂಬತ್ತೈದು, 12:10ಕ್ಕೂ ಎಪ್ಪತ್ತೈದು, ಒಂದು ಗಂಟೆಗೆ ನಲವತ್ತು ಎಂದು ಬರೆದಿದ್ದಳು. ಐದನೆಯ ರಾತ್ರಿಗೆ ಐವತ್ತರಿಂದ ಶುರುವಾಗಿ ಅರ್ಧ ಗಂಟೆಯಲ್ಲಿ ಇಪ್ಪತ್ತಕ್ಕೆ ಇಳಿದಿತ್ತು. ಒಂಬತ್ತನೆಯ ರಾತ್ರಿ ಒಂದು ದೊಡ್ಡ ಗ್ರಾಹಕರ ಪೋಸ್ಟ್ ಇದ್ದುದರಿಂದ ನಾಲ್ಕು ಸಲ ತೆರೆದು ನೋಡಿದಳು. ಅದನ್ನೂ ಬರೆದಿಟ್ಟು ಮರುದಿನದಿಂದ ಮುಂದುವರಿಸಲು ಹೇಳಿದೆ.

ಎಲ್ಲಕ್ಕಿಂತ ಕಷ್ಟವಾದದ್ದು ತಾಯಿಗೆ ಒಪ್ಪಿಸುವುದು. ಮಗಳು ಕೇಳಿದಾಗ "ಎಲ್ಲ ಸರಿ ಉಂಟು" ಎನ್ನುವುದು ಇನ್ನೊಂದು ಸಲ ಕ್ಯಾಲೆಂಡರ್ ತೆರೆದಂತೆಯೇ ಎಂದು ವಿವರಿಸಿದರೆ, "ಅಷ್ಟು ಹೇಳಲಿಕ್ಕೂ ಇಲ್ಲದಿದ್ದರೆ ತಾಯಿ ಯಾಕೆ ಮೇಡಂ?" ಎಂದು ಕಣ್ಣೊರೆಸಿಕೊಂಡರು. ಉತ್ತರ ಕೊಡುವ ಬದಲು ಪಕ್ಕದಲ್ಲಿ ಕೂರಬಹುದು, ಮಜ್ಜಿಗೆ ಕೊಡಬಹುದು, ಪೋಸ್ಟಿನ ವಿಷಯ ಬಿಟ್ಟು ಬೇರೆ ಏನು ಬೇಕಾದರೂ ಮಾತನಾಡಬಹುದು ಎಂದು ಒಪ್ಪಂದವಾಯಿತು. ಅವರು ಎರಡು ಸಲ ಒಪ್ಪಂದ ಮುರಿದರು, ಎರಡು ಸಲವೂ ತಾವೇ ಫೋನ್ ಮಾಡಿ ಹೇಳಿದರು.

ಆರನೆಯ ಭೇಟಿಯ ಹೊತ್ತಿಗೆ ರಾತ್ರಿಯ ಕಾವಲು ವಾರಕ್ಕೆ ಒಂದೆರಡು ಸಲ, ಐದು ಹತ್ತು ನಿಮಿಷಕ್ಕೆ ಇಳಿದಿತ್ತು. ಮನೋವೈದ್ಯರು ಮತ್ತೊಮ್ಮೆ ನೋಡಿ, ಮೂರು ತಿಂಗಳ ಬಳಿಕ ಬಂದರೆ ಸಾಕು ಎಂದರು. ಫೋನಿನಲ್ಲಿ ಉಳಿದಿದ್ದ ಸ್ಕ್ರೀನ್‌ಶಾಟ್‌ಗಳನ್ನು ಆ ದಿನ ಅಳಿಸಿಹಾಕಲು ಹೇಳಿದೆ. ನಾನೂರಕ್ಕೂ ಹೆಚ್ಚಿದ್ದವು. ಒಂದೊಂದನ್ನೂ ಮತ್ತೆ ನೋಡದೆ ಒಟ್ಟಿಗೇ ಆರಿಸಿ ಅಳಿಸಿದಳು, ಒಂದನ್ನು ಬಿಟ್ಟು. ಅದು Draft ಎಂದು ತೋರಿಸುತ್ತಿದ್ದ 11:43ರದ್ದು. "ಇದು ಇರಲಿ ಮೇಡಂ" ಎಂದಳು. ನಾನು ಒತ್ತಾಯಿಸಲಿಲ್ಲ.