ಗುರುವಾರ ತಗೊಂಡ ಶೇರು ಶುಕ್ರವಾರ ಬೆಳಿಗ್ಗೆ ಯಾರ ಹತ್ರ ಇರುತ್ತೆ?

ಪ್ರಶ್ನೆ: ಸರ್ ನಮಸ್ಕಾರ. ಗುರುವಾರ ಒಂದು ಕಂಪನಿಯ 100 ಶೇರು 420 ರೂಪಾಯಿಗೆ ತಗೊಂಡೆ, ಪೂರ್ತಿ ದುಡ್ಡು ಕಟ್ಟಿದೀನಿ. ಬ್ರೋಕರ್ ಆಪ್‌ನಲ್ಲಿ ಶೇರು ಕಾಣಿಸ್ತಿದೆ, ಆದ್ರೆ ಸಿಡಿಎಸ್‌ಎಲ್ ಸೈಟಿಗೆ ಹೋಗಿ ನೋಡಿದ್ರೆ ನನ್ನ ಡಿಮ್ಯಾಟ್‌ನಲ್ಲಿ ಏನೂ ಇಲ್ಲ. ಬ್ರೋಕರೇ ಇಟ್ಕೊಂಡಿದಾರಾ? ಶುಕ್ರವಾರ ಬೆಳಿಗ್ಗೆ ರೇಟು 438 ಆಗಿದೆ, ಆಪ್ ಮಾರೋಕೆ ಬಿಡ್ತಿದೆ. ಡಿಮ್ಯಾಟ್‌ಗೇ ಬಾರದ ಶೇರನ್ನ ಮಾರಬಹುದಾ, ಏನಾದ್ರೂ ತೊಂದ್ರೆ ಆಗುತ್ತಾ?

ಉತ್ತರ: ಬ್ರೋಕರ್ ಇಟ್ಕೊಂಡಿಲ್ಲ, ಗಾಬರಿ ಬೇಡ. ಆ ಹೊತ್ತಲ್ಲಿ ಆ ಶೇರು ಇನ್ನೂ ಮಾರಿದವರ ಖಾತೆಯಲ್ಲೇ ಇರುತ್ತೆ. ಗುರುವಾರ ನಿಮಗೆ ಸಿಕ್ಕಿದ್ದು ಶೇರಲ್ಲ, ಶೇರು ಬರಬೇಕು ಅನ್ನೋ ಲೆಕ್ಕ. ಆಪ್‌ನವರು ಅದನ್ನ ಹೋಲ್ಡಿಂಗ್ಸ್ ಪಟ್ಟಿಗೇ ಸೇರಿಸಿ ಪಕ್ಕದಲ್ಲಿ ಸಣ್ಣದಾಗಿ `T1` ಅಂತ ಹಾಕಿರ್ತಾರೆ, ಅದನ್ನ ಯಾರೂ ನೋಡಲ್ಲ. ಸಿಡಿಎಸ್‌ಎಲ್ ಮಾತ್ರ ನಿಜವಾಗಿ ಬಂದು ಸೇರಿದ್ದನ್ನಷ್ಟೇ ತೋರಿಸುತ್ತೆ. ಹಾಗಾಗಿ ಎರಡೂ ಸುಳ್ಳು ಹೇಳ್ತಿಲ್ಲ.

ಇಲ್ಲಿ ಯಾರು ಯಾರು ಇದಾರೆ ಅಂತ ಮೊದಲು ನೋಡೋಣ. ಸಿಡಿಎಸ್‌ಎಲ್, ಎನ್‌ಎಸ್‌ಡಿಎಲ್ ಇವೆರಡು ಡೆಪಾಸಿಟರಿಗಳು, ಅಂದ್ರೆ ಯಾರ ಹೆಸರಲ್ಲಿ ಯಾವ ಕಂಪನಿಯ ಎಷ್ಟು ಶೇರು ಇದೆ ಅನ್ನೋ ದೊಡ್ಡ ಲೆಕ್ಕದ ಪುಸ್ತಕ ಇವರ ಹತ್ರ ಇರೋದು. 1996ರಲ್ಲಿ ಡೆಪಾಸಿಟರಿ ಕಾಯ್ದೆ ಬಂದ ಮೇಲೆ ಎನ್‌ಎಸ್‌ಡಿಎಲ್ ಶುರುವಾಯ್ತು, 1999ರಲ್ಲಿ ಸಿಡಿಎಸ್‌ಎಲ್. ನಿಮ್ಮ ಬ್ರೋಕರ್ ಡಿಪಿ ಆಗಿ ಕೆಲಸ ಮಾಡ್ತಾರೆ, ಡೆಪಾಸಿಟರಿ ಪಾರ್ಟಿಸಿಪೆಂಟ್, ಅಂದ್ರೆ ಆ ಪುಸ್ತಕಕ್ಕೆ ನಿಮ್ಮ ಕಡೆಯ ಕೌಂಟರ್ ಅಷ್ಟೇ. ನಿಮ್ಮ ಡಿಮ್ಯಾಟ್ ನಂಬರ್ 16 ಅಂಕಿ ಇರುತ್ತಲ್ಲ, ಅದರಲ್ಲಿ ಮೊದಲ 8 ಆ ಡಿಪಿಯ ಗುರುತು, ಉಳಿದ 8 ನಿಮ್ಮದು. ಎನ್‌ಎಸ್‌ಡಿಎಲ್ ಆದ್ರೆ `IN` ಅಂತ ಶುರುವಾಗುತ್ತೆ, ಸಿಡಿಎಸ್‌ಎಲ್‌ದು ಪೂರ್ತಿ ಅಂಕಿಗಳೇ.

ಒಂದು ವಿಷ್ಯ ತುಂಬಾ ಜನಕ್ಕೆ ಗೊತ್ತಿರಲ್ಲ. ಕಂಪನಿಯ ದಾಖಲೆ ಪ್ರಕಾರ ನಿಮ್ಮ ಶೇರಿನ ರಿಜಿಸ್ಟರ್ಡ್ ಓನರ್ ನೀವಲ್ಲ, ಡೆಪಾಸಿಟರಿ. ನೀವು ಬೆನಿಫಿಷಿಯಲ್ ಓನರ್. ಕೇಳಿದ್ರೆ ಭಯ ಆಗುತ್ತೆ, ಆದ್ರೆ ಡಿವಿಡೆಂಡು, ಬೋನಸ್ಸು, ವೋಟು ಎಲ್ಲಾ ನಿಮಗೇ, ಡೆಪಾಸಿಟರಿಗೆ ವೋಟ್ ಹಾಕೋ ಹಕ್ಕೂ ಇಲ್ಲ. ಈ ವ್ಯವಸ್ಥೆ ಇರೋದ್ರಿಂದಲೇ ಶೇರು ಕೈ ಬದಲಾಗೋದು ಪುಸ್ತಕದಲ್ಲಿ ಒಂದು ಕಡೆ ಕಳೆದು ಇನ್ನೊಂದು ಕಡೆ ಕೂಡಿಸೋ ಕೆಲಸ ಆಗಿರೋದು. ಕಾಗದದ ಕಾಲದಲ್ಲಿ ಟ್ರಾನ್ಸ್‌ಫರ್ ಫಾರಂ ತುಂಬಿ ಸರ್ಟಿಫಿಕೇಟ್ ಜೊತೆ ಕಂಪನಿಗೆ ಕಳಿಸಿ, ಸಹಿ ಮ್ಯಾಚ್ ಆಗ್ಲಿಲ್ಲ ಅಂತ ವಾಪಸ್ ಬಂದ್ರೆ ಮತ್ತೆ ಮೊದಲಿಂದ ಶುರು.

ಈಗ ನಿಮ್ಮ ಗುರುವಾರಕ್ಕೆ ಬರೋಣ. ನೀವು ತಗೊಂಡ ದಿನವನ್ನ `T` ಅಂತಾರೆ. ಸಂಜೆ ಮಾರ್ಕೆಟ್ ಮುಚ್ಚಿದ ಮೇಲೆ ಕ್ಲಿಯರಿಂಗ್ ಕಾರ್ಪೊರೇಷನ್ ಅಂತ ಒಂದು ಸಂಸ್ಥೆ ಮಧ್ಯ ನಿಂತು ಎಲ್ಲರ ಲೆಕ್ಕ ಹಾಕುತ್ತೆ, ಯಾರು ಎಷ್ಟು ಶೇರು ಕೊಡ್ಬೇಕು, ಯಾರು ಎಷ್ಟು ದುಡ್ಡು ಕೊಡ್ಬೇಕು ಅಂತ. ನಿಮಗೆ ಮಾರಿದವರು ಯಾರು ಅಂತ ನಿಮಗೆ ಗೊತ್ತಾಗಲ್ಲ, ಗೊತ್ತಾಗೋ ಅಗತ್ಯಾನೂ ಇಲ್ಲ, ಯಾಕಂದ್ರೆ ನಿಮ್ಮ ಮಟ್ಟಿಗೆ ಮಾರಿದ್ದು ಈ ಕಾರ್ಪೊರೇಷನ್, ಅವರ ಮಟ್ಟಿಗೆ ಕೊಂಡಿದ್ದೂ ಅದೇ. ಮಾರನೇ ದಿನ, ಅಂದ್ರೆ `T+1`, ಮಾರಿದವರಿಂದ ಶೇರು ಒಳಗೆ ಬರುತ್ತೆ, ಇದು ಪೇ-ಇನ್. ಮಧ್ಯಾಹ್ನದ ಮೇಲೆ ನಿಮಗೆ ಹೊರಗೆ ಹೋಗುತ್ತೆ, ಇದು ಪೇ-ಔಟ್. ಮೊದಲು ಇದು ಬ್ರೋಕರ್‌ನ ಪೂಲ್ ಖಾತೆಗೆ ಬಂದು ಅಲ್ಲಿಂದ ನಿಮಗೆ ಬರ್ತಿತ್ತು. 2025ರ ಫೆಬ್ರವರಿಯಿಂದ ನೇರವಾಗಿ ನಿಮ್ಮ ಡಿಮ್ಯಾಟ್‌ಗೇ ಹಾಕ್ತಾರೆ, ಮಾಮೂಲಾಗಿ ಮಧ್ಯಾಹ್ನ ಮೂರೂವರೆ ಹೊತ್ತಿಗೆ. ಅಂದ್ರೆ ನೀವು ಸಿಡಿಎಸ್‌ಎಲ್ ಸೈಟಿನ ಈಸಿ ಅನ್ನೋ ಸೇವೆಯಲ್ಲಿ ಶುಕ್ರವಾರ ಸಂಜೆ ನೋಡಿದ್ರೆ 100 ಶೇರು ಇರಬೇಕು. ಬೆಳಿಗ್ಗೆ ನೋಡಿದ್ರೆ ಇರಲ್ಲ, ಅಷ್ಟೇ ಕಥೆ. ಮಧ್ಯದಲ್ಲಿ ಬ್ಯಾಂಕ್ ರಜೆ ಬಂದ್ರೆ ಮಾರ್ಕೆಟ್ ನಡೆದಿದ್ರೂ ಸೆಟಲ್‌ಮೆಂಟ್ ನಡೆಯಲ್ಲ, ಒಂದು ದಿನ ಮುಂದೆ ಹೋಗುತ್ತೆ.

ಬ್ರೋಕರ್ ಬಗ್ಗೆ ನಿಮ್ಮ ಅನುಮಾನ ತಪ್ಪು ಅಂತ ಮಾತ್ರ ನಾನು ಹೇಳಲ್ಲ. 2019ರ ನವೆಂಬರ್‌ನಲ್ಲಿ ಸೆಬಿ ಕಾರ್ವಿ ಸ್ಟಾಕ್ ಬ್ರೋಕಿಂಗ್ ಮೇಲೆ ನಿರ್ಬಂಧ ಹಾಕಿದ್ದು ನೆನಪಿರಬಹುದು, ಗ್ರಾಹಕರು ಕೊಟ್ಟಿದ್ದ ಪವರ್ ಆಫ್ ಅಟಾರ್ನಿ ದುರುಪಯೋಗ ಮಾಡ್ಕೊಂಡು ಅವರ ಶೇರುಗಳನ್ನ ತನ್ನ ಸಾಲಕ್ಕೆ ಅಡ ಇಟ್ಟ ಆರೋಪ. ಆಮೇಲೆ ಬಂದ ಬದಲಾವಣೆಗಳೆಲ್ಲ ಈ ದಾರಿಗಳನ್ನ ಮುಚ್ಚೋಕೇ ಬಂದಿದ್ದು. ಪವರ್ ಆಫ್ ಅಟಾರ್ನಿ ಜಾಗಕ್ಕೆ ಡಿಡಿಪಿಐ ಅನ್ನೋ ಒಪ್ಪಿಗೆ ಪತ್ರ ಬಂತು, ಅದರಲ್ಲಿ ಬ್ರೋಕರ್ ಏನು ಮಾಡಬಹುದು ಅನ್ನೋದು ತುಂಬಾ ಸೀಮಿತ. ಅದಕ್ಕೂ ಸಹಿ ಹಾಕಿಲ್ಲ ಅಂದ್ರೆ ಪ್ರತಿ ಸಲ ಮಾರುವಾಗ ಟಿಪಿನ್ ಅನ್ನೋ ಗುಪ್ತ ನಂಬರ್, ಓಟಿಪಿ ಕೊಟ್ಟು ನೀವೇ ಒಪ್ಪಿಗೆ ಕೊಡ್ಬೇಕು. ಮಾರಿದ ಶೇರು ಕೂಡ ತಕ್ಷಣ ಬ್ರೋಕರ್‌ಗೆ ಹೋಗಲ್ಲ, ನಿಮ್ಮ ಖಾತೆಯಲ್ಲೇ ಬ್ಲಾಕ್ ಆಗಿ ಕೂತಿದ್ದು ಪೇ-ಇನ್ ಹೊತ್ತಲ್ಲಿ ನೇರ ಹೋಗುತ್ತೆ.

ಇನ್ನು ನಿಮ್ಮ ಅಸಲಿ ಪ್ರಶ್ನೆ, ಮಾರಬಹುದಾ ಅಂತ. ಮಾರಬಹುದು, ಇದಕ್ಕೆ ಬಿಟಿಎಸ್‌ಟಿ ಅಂತಾರೆ, ಇವತ್ತು ತಗೊಂಡು ನಾಳೆ ಮಾರೋದು. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸಲ ಏನೂ ಆಗಲ್ಲ ಅನ್ನೋದು ನನ್ನ ಅಂದಾಜು. ಶುಕ್ರವಾರ ಬೆಳಿಗ್ಗೆ 438ಕ್ಕೆ ಮಾರಿದ್ರೆ ನೀವು ಶೇರು ಕೊಡಬೇಕಾದ್ದು ಸೋಮವಾರ, ಗುರುವಾರದ ಶೇರು ಶುಕ್ರವಾರ ಸಂಜೆಗೇ ಬಂದಿರುತ್ತೆ, ಕೊಡ್ತೀರಿ, 18 ರೂಪಾಯಿ ಲಾಭ, 1800 ಬಂತು, ಅದರಲ್ಲಿ ಖರ್ಚು ಕಳೀಬೇಕು.

ತೊಂದ್ರೆ ಆಗೋದು ಗುರುವಾರ ನಿಮಗೆ ಮಾರಿದವರು ಶೇರು ಕೊಡದೇ ಹೋದಾಗ. ಯಾಕೆ ಕೊಡಲ್ಲ? ಇಲ್ಲದ ಶೇರನ್ನ ಇಂಟ್ರಾಡೇನಲ್ಲಿ ಮಾರಿ, ಸಂಜೆ ವಾಪಸ್ ಕೊಳ್ಳೋಣ ಅಂದ್ಕೊಂಡಿರ್ತಾರೆ, ಅಷ್ಟರಲ್ಲಿ ಶೇರು ಅಪ್ಪರ್ ಸರ್ಕ್ಯೂಟ್ ಹೊಡೆದು, ಅಂದ್ರೆ ಆ ದಿನ ಏರಬಹುದಾದ ಮಿತಿ ಮುಟ್ಟಿ, ಮಾರೋರೇ ಇಲ್ಲ, ಸಿಕ್ಕಾಕ್ಕೊಂಡ್ರು. ಇಲ್ಲಾ ಅವರೂ ನಿಮ್ಮ ಹಾಗೆ ಬಿಟಿಎಸ್‌ಟಿ ಮಾಡಿದವರು, ಅವರಿಗೂ ಹಿಂದಿನವರು ಕೊಟ್ಟಿಲ್ಲ. ಆಗ ಕ್ಲಿಯರಿಂಗ್ ಕಾರ್ಪೊರೇಷನ್ ಶುಕ್ರವಾರ ಹರಾಜು ನಡೆಸಿ ಬೇರೆಯವರಿಂದ ಶೇರು ಕೊಂಡು ನಿಮಗೆ ಸೋಮವಾರ ಕೊಡುತ್ತೆ. ಹೆಚ್ಚಾದ ರೇಟು ತಪ್ಪು ಮಾಡಿದವರ ತಲೆಗೆ, ನಿಮಗೆ ನಿಮ್ಮ 420ರ ಲೆಕ್ಕವೇ. ಸುಮ್ನೆ ಇಟ್ಕೊಳ್ಳೋಕೆ ತಗೊಂಡಿದ್ರೆ ಇಷ್ಟಕ್ಕೇ ಮುಗೀತು, ಒಂದು ದಿನ ತಡ.

ಆದ್ರೆ ಶುಕ್ರವಾರ ಬೆಳಿಗ್ಗೆ ನೀವು ಮಾರಿಬಿಟ್ಟಿದ್ರೆ? ನೀವು ಕೊಡಬೇಕಾದ್ದು ಸೋಮವಾರದ ಪೇ-ಇನ್‌ಗೆ, ನಿಮಗೆ ಹರಾಜಿನ ಶೇರು ಬರೋದು ಸೋಮವಾರದ ಪೇ-ಔಟ್‌ಗೆ. ಬಸ್ಸು ಹೋದ ಮೇಲೆ ಟಿಕೆಟ್ ಸಿಕ್ಕಿದ ಹಾಗೆ. ಈಗ ನಿಮ್ಮ ಹೆಸರಲ್ಲಿ ಸೋಮವಾರ ಇನ್ನೊಂದು ಹರಾಜು ನಡೆಯುತ್ತೆ. ಅಲ್ಲಿ 100 ಶೇರು 460ಕ್ಕೆ ಸಿಕ್ಕಿತು ಅಂದ್ಕೊಳ್ಳಿ, ನೀವು ಮಾರಿದ್ದು 438ಕ್ಕೆ, ವ್ಯತ್ಯಾಸ 22 ರೂಪಾಯಿ, 2200 ರೂಪಾಯಿ ನಿಮ್ಮ ಲೆಡ್ಜರಿಂದ ಹೋಗುತ್ತೆ, ಜೊತೆಗೆ ಚಾರ್ಜು. ಹರಾಜಿನಲ್ಲಿ ಕೊಡೋರೇ ಇಲ್ಲ ಅಂದ್ರೆ ಇನ್ನೂ ಕಷ್ಟ, ಆಗ ಕ್ಲೋಸ್‌ಔಟ್ ಅಂತ ದುಡ್ಡಲ್ಲೇ ತೀರಿಸ್ತಾರೆ. ನೀವು ಮಾರಿದ ದಿನದಿಂದ ಹರಾಜಿನ ದಿನದವರೆಗಿನ ಅತಿ ಹೆಚ್ಚಿನ ರೇಟು, ಅಥವಾ ಹರಾಜಿನ ದಿನದ ಕ್ಲೋಸಿಂಗ್ ರೇಟಿಗೆ ಶೇಕಡ 20 ಸೇರಿಸಿದ್ದು, ಎರಡರಲ್ಲಿ ಯಾವುದು ಜಾಸ್ತಿನೋ ಅದು. ಸೋಮವಾರ 445ಕ್ಕೆ ಮುಚ್ಚಿದ್ರೆ ಅದು 534 ಆಗುತ್ತೆ, ವ್ಯತ್ಯಾಸ 96, ಒಟ್ಟು 9600. 1800 ರೂಪಾಯಿ ಆಸೆಗೆ ಹೋಗಿ ಹತ್ತಿರ ಹತ್ತು ಸಾವಿರ ಹೋಯ್ತು.

ಇಲ್ಲಿ ಜನ ಇನ್ನೊಂದು ಕಡೆ ತಲೆ ಕೆಡಿಸ್ಕೊಳ್ತಾರೆ. ಶುಕ್ರವಾರ ಮಾರಿದ್ದೀನಿ, ಲೆಡ್ಜರ್‌ನಲ್ಲಿ ಹರಾಜಿನ ಡೆಬಿಟ್ಟೂ ಬಂದಿದೆ, ಆದ್ರೂ ಸೋಮವಾರ ಸಂಜೆ ಡಿಮ್ಯಾಟ್‌ನಲ್ಲಿ 100 ಶೇರು ಕೂತಿದೆ, ಏನಿದು ಅಂತ. ಅದು ತಪ್ಪಲ್ಲ. ಗುರುವಾರದ ಖರೀದಿಯ ಶೇರು ತಡವಾಗಿ ಬಂದು ನಿಮ್ಮ ಹತ್ರ ಉಳಿದಿದೆ, ಶುಕ್ರವಾರದ ಮಾರಾಟವನ್ನ ಹರಾಜಿನವರು ನಿಮ್ಮ ದುಡ್ಡಲ್ಲಿ ತೀರಿಸಿದ್ದಾರೆ. ಅಂದ್ರೆ ಆ 100 ಶೇರು ನಿಮ್ಮದೇ, ಬೇಕಾದಾಗ ಮಾರಬಹುದು.

ಯಾವ ಶೇರಿಗೆ ಈ ಭಯ ಜಾಸ್ತಿ ಅಂದ್ರೆ ದಿನಕ್ಕೆ ಸ್ವಲ್ಪವೇ ವ್ಯವಹಾರ ಆಗೋ, ಪದೇ ಪದೇ ಸರ್ಕ್ಯೂಟ್ ಹೊಡೆಯೋ ಸಣ್ಣ ಕಂಪನಿಗಳು. ನೀವು ತಗೊಂಡ ದಿನವೇ ಅಪ್ಪರ್ ಸರ್ಕ್ಯೂಟ್‌ನಲ್ಲಿ ಮುಚ್ಚಿದ್ದರೆ ಮಾರನೇ ಬೆಳಿಗ್ಗೆ ನಾನಾದ್ರೆ ಮಾರಲ್ಲ, ಸಂಜೆವರೆಗೆ ಕಾದು ಈಸಿಯಲ್ಲಿ ಶೇರು ಬಂತಾ ನೋಡಿ ಮುಂದಿನ ವ್ಯವಹಾರದ ದಿನ ಮಾರ್ತೀನಿ. ನಿಫ್ಟಿಯ ದೊಡ್ಡ ಶೇರಾದ್ರೆ ಇಷ್ಟು ಯೋಚಿಸಲ್ಲ. ಪ್ರತಿ ವ್ಯವಹಾರಕ್ಕೂ ಡೆಲಿವರಿ ಕಡ್ಡಾಯ ಇರೋ ಟ್ರೇಡ್-ಟು-ಟ್ರೇಡ್ ಪಟ್ಟಿಯ ಶೇರಿನಲ್ಲಂತೂ ಡೆಲಿವರಿ ಕೈಗೆ ಬರದೇ ಮಾರೋಕೆ ಹೋಗಲೇಬೇಡಿ.

ಶುಕ್ರವಾರ ಸಂಜೆಯೂ ಡಿಮ್ಯಾಟ್ ಖಾಲಿ ಇದ್ರೆ ಮೊದಲು ಗುರುವಾರದ ಕಾಂಟ್ರಾಕ್ಟ್ ನೋಟ್ ತೆಗೆದು ಅದರಲ್ಲಿರೋ ಸೆಟಲ್‌ಮೆಂಟ್ ನಂಬರ್ ನೋಡ್ಕೊಂಡು, ಆ ನಂಬರಿನ ಪೇ-ಔಟ್‌ನಲ್ಲಿ ಶಾರ್ಟೇಜ್ ಆಗಿದ್ಯಾ ಅಂತ ಬ್ರೋಕರ್‌ಗೆ ಬರವಣಿಗೆಯಲ್ಲಿ ಕೇಳಿ. ಹೌದು ಅಂದ್ರೆ ಸೋಮವಾರದವರೆಗೆ ಕಾಯಿರಿ, ಶೇರು ಬರುತ್ತೆ, ಇಲ್ಲಾ ಕ್ಲೋಸ್‌ಔಟ್ ದುಡ್ಡು ಲೆಡ್ಜರ್‌ಗೆ ಬೀಳುತ್ತೆ. ಇಲ್ಲ ಅಂದು, ಆಪ್‌ನಲ್ಲಿ ಮಾತ್ರ ಹೋಲ್ಡಿಂಗ್ ತೋರಿಸ್ತಾ ಇದ್ದು, ಡೆಪಾಸಿಟರಿಯಿಂದ ಮೇಲ್‌ಗೆ ಬರೋ ತಿಂಗಳ ಸ್ಟೇಟ್‌ಮೆಂಟ್‌ನಲ್ಲೂ ಆ ಶೇರು ಇಲ್ಲ ಅಂದ್ರೆ ಆಪ್‌ನ ಸ್ಕ್ರೀನ್‌ಶಾಟು, ಸ್ಟೇಟ್‌ಮೆಂಟು ಎರಡನ್ನೂ ಇಟ್ಕೊಂಡು ಸೆಬಿಯ ಸ್ಕೋರ್ಸ್ ಅನ್ನೋ ದೂರಿನ ಸೈಟಿನಲ್ಲಿ ದೂರು ಹಾಕಿ.